ಮದುವೆ ಊಟ ಮುಗಿದ ಮೇಲಿನ 24 ಗಂಟೆ

ಒಂದೇ ಪಂಕ್ತಿಯಲ್ಲಿ ಕೂತು ಉಂಡ ಒಂದೇ ಮನೆಯವರಲ್ಲಿ ಯಾರಿಗೆ ಆಸ್ಪತ್ರೆ ಬೇಕು, ಯಾರಿಗೆ ಬೇಡ ಅನ್ನುವುದು ವಾಂತಿಯ ಲೆಕ್ಕದಿಂದ ತಿಳಿಯುವುದಿಲ್ಲ. ಸಂಜೆಯಿಂದ ರಾತ್ರಿಯವರೆಗೆ ವಾಂತಿ ಮಾಡಿ ಮನೆಮಂದಿಯನ್ನೆಲ್ಲ ಹೆದರಿಸಿದ ನನ್ನ ಏಳು ವರ್ಷದ ಮಗಳು ಮರುದಿನ ಮಧ್ಯಾಹ್ನ ಮೊಸರನ್ನ ಉಂಡು ಆಡುತ್ತಿದ್ದಳು. ಒಂದು ಸಲವೂ ವಾಂತಿ ಮಾಡದ, ಯಾರನ್ನೂ ಎಬ್ಬಿಸದೆ ರಾತ್ರಿಯಿಡೀ ಸಂಡಾಸಿಗೆ ಓಡಾಡಿದ ಎಪ್ಪತ್ತೆರಡು ವರ್ಷದ ಮಾವನವರಿಗೆ ಅದೇ ಹೊತ್ತಿನಲ್ಲಿ ಸಲಾಯಿನ್ ಏರುತ್ತಿತ್ತು. ಈ ವ್ಯತ್ಯಾಸ ಹೇಗೆ ಗೊತ್ತಾಯಿತು, ಯಾವ ಗಂಟೆಯಲ್ಲಿ ಏನು ನೋಡಿದೆವು, ಏನು ಕೊಟ್ಟೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಮದುವೆ ಹಾಲುಗಳು ತುಂಬಿರುವ ದಿನಗಳಲ್ಲಿ ಯಾರ ಮನೆಯಲ್ಲೂ ಇದು ಆಗಬಹುದು.

ನಾವಿರುವುದು ಮುಲುಂಡದಲ್ಲಿ. ಮದುವೆ ನಮ್ಮ ಧಾರವಾಡದ ಕಡೆಯ ಪರಿಚಯದವರದು, ಉಪನಗರದ ಒಂದು ಹಾಲಿನಲ್ಲಿ. ಅರ್ಧ ನಮ್ಮ ಕಡೆಯ ಅಡುಗೆ, ಅರ್ಧ ಮರಾಠಿ ಅಡುಗೆ: ಪೂರಿ, ಬದನೆಕಾಯಿ ಎಣ್ಣೆಗಾಯಿ, ಕೋಸಂಬರಿ, ಮಸಾಲೆ ಭಾತ್, ಬಾಸುಂದಿ. ಮುಹೂರ್ತ ಬೆಳಿಗ್ಗೆಯೇ ಇದ್ದರೂ ಊಟಕ್ಕೆ ಕೂರುವಾಗ ಒಂದೂವರೆ ದಾಟಿತ್ತು. ಬಾಸುಂದಿಯ ದೊಡ್ಡ ಸ್ಟೀಲ್ ಪಾತ್ರೆಗಳನ್ನು ಕಾರಿಡಾರಿನಲ್ಲಿ ಸಾಲಾಗಿ ಇಟ್ಟಿದ್ದರು, ಅಡಿಯಲ್ಲಿ ಐಸು ಇರಲಿಲ್ಲ. ಮಗಳು ಪೂರಿ ಬಿಟ್ಟು ಬಾಸುಂದಿಯನ್ನೇ ಮತ್ತೆ ಮತ್ತೆ ಹಾಕಿಸಿಕೊಂಡಳು. ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರು ಸಿಹಿ ಮುಟ್ಟಲಿಲ್ಲ, ಮಸಾಲೆ ಭಾತ್ ಎರಡು ಸಲ ಉಂಡರು. ನಾನು ಮದುವೆ ಹುಡುಗಿಯ ತಾಯಿಯ ಜೊತೆ ಓಡಾಟದಲ್ಲಿದ್ದು ಕೊನೆಗೆ ಸಾರನ್ನ, ಮಜ್ಜಿಗೆ ಉಂಡು ಎದ್ದೆ. ಯಾರು ಏನು ಉಂಡರು ಅನ್ನುವ ಈ ವಿವರ ಮುಂದೆ ಡಾಕ್ಟರಿಗೆ ಬೇಕಾಯಿತು.

ಸಂಜೆ ಐದೂವರೆಗೆ ಮಗಳು ಹೊಟ್ಟೆ ತೊಳಸುತ್ತಿದೆ ಅಂದಳು. ಅಂದು ಮುಗಿಸುವುದರೊಳಗೆ ವಾಂತಿ ಶುರುವಾಯಿತು. ಮೊದಲು ಉಂಡದ್ದು ಬಂತು, ಆಮೇಲೆ ನೀರು, ಆಮೇಲೆ ಹಳದಿ ಪಿತ್ತ. ಹತ್ತು ನಿಮಿಷಕ್ಕೊಮ್ಮೆ ಬಾಗಿ ಕಕ್ಕುವ ಮಗುವನ್ನು ಹಿಡಿದುಕೊಂಡರೆ ಯಾರಿಗೂ ಮೊದಲು ಹೊಳೆಯುವುದು ಆಸ್ಪತ್ರೆಯೇ. ಒಂದು ಕೈಯಲ್ಲಿ ಅವಳ ಹಣೆ ಹಿಡಿದುಕೊಂಡೇ ನಮ್ಮ ಮನೆಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೆಳಗಾವಿ ಕಡೆಯವರು, ನಮ್ಮ ಜೊತೆ ಅರ್ಧ ಕನ್ನಡ, ಅರ್ಧ ಮರಾಠಿ.

ಅವರು ಕೇಳಿದ್ದು ಹೀಗೆ: ಊಟ ಎಷ್ಟು ಗಂಟೆಗೆ ಆಯಿತು? ವಾಂತಿ ಎಷ್ಟು ಗಂಟೆಗೆ ಶುರುವಾಯಿತು? ಜ್ವರ ಇದೆಯೇ? ಭೇದಿಯಲ್ಲಿ ರಕ್ತ ಇದೆಯೇ? ಕಡೆಯದಾಗಿ, ಎಲ್ಲಕ್ಕಿಂತ ಗಟ್ಟಿ ದನಿಯಲ್ಲಿ, "ಲಘವಿ ಕಧೀ ಝಾಲಿ?" ಮೂತ್ರ ಯಾವಾಗ ಆಯಿತು ಅಂತ. ನಾಲ್ಕು ಗಂಟೆಗೆ ಮನೆಗೆ ಬಂದ ಕೂಡಲೇ ಹೋಗಿದ್ದಳು. ಹಾಗಿದ್ದರೆ ಸದ್ಯ ಮನೆಯಲ್ಲೇ ನೋಡಿಕೊಳ್ಳಿ, ಪ್ರತಿಯೊಂದನ್ನೂ ಗಂಟೆ ಹಾಕಿ ಬರೆದಿಡಿ ಅಂದರು. ಗೋಡೆಯ ಮೇಲಿದ್ದ ಕಾಲನಿರ್ಣಯದಲ್ಲಿ ಹಳೆಯ ತಿಂಗಳ ಹಾಳೆ ಹರಿದು ಅದರ ಹಿಂದೆ ಬರೆಯತೊಡಗಿದೆ. ಒಂದು ಕಡೆ ಒಳಗೆ ಹೋದದ್ದು, ಇನ್ನೊಂದು ಕಡೆ ಹೊರಗೆ ಬಂದದ್ದು.

ಉಂಡ ಹೊತ್ತಿಗೂ ಕಾಯಿಲೆ ಶುರುವಾದ ಹೊತ್ತಿಗೂ ನಡುವಿನ ಅಂತರವನ್ನು ಅವರು ಯಾಕೆ ಕೇಳಿದರು ಅನ್ನುವುದು ಆಮೇಲೆ ತಿಳಿಯಿತು. ಅರ್ಧ ಗಂಟೆಯಿಂದ ಏಳೆಂಟು ಗಂಟೆಯೊಳಗೆ ಜೋರಾಗಿ ವಾಂತಿಯೇ ಮುಂದಾಗಿ ಬಂದರೆ, ಹೆಚ್ಚಾಗಿ ಅದು ತಿನಿಸಿನಲ್ಲಿ ಮೊದಲೇ ತಯಾರಾಗಿ ಕೂತ ವಿಷದ ಕೆಲಸ. ಸ್ಟಾಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಗಾಯದಲ್ಲಿ ಇರುತ್ತದೆ. ಬಡಿಸುವವರ, ಕಲಸುವವರ ಕೈಯಿಂದ ಹಾಲಿನ ಪದಾರ್ಥಕ್ಕೆ ಇಳಿದು, ಸೆಕೆಯಲ್ಲಿ ಗಂಟೆಗಟ್ಟಲೆ ಇಟ್ಟಾಗ ಬೆಳೆದು, ಅಲ್ಲೇ ವಿಷ ಬಿಡುತ್ತದೆ. ಆಮೇಲೆ ಆ ಪದಾರ್ಥವನ್ನು ಕುದಿಸಿದರೂ ಬ್ಯಾಕ್ಟೀರಿಯಾ ಸಾಯುತ್ತದೆಯೇ ಹೊರತು ವಿಷ ಹೋಗುವುದಿಲ್ಲ. ರುಚಿ, ವಾಸನೆ ಕೆಡದೆಯೂ ಇರಬಹುದು. ಇದರಲ್ಲಿ ಒಂದು ಸಮಾಧಾನವಿದೆ. ದೇಹ ಆ ವಿಷವನ್ನು ಹೊರಗೆ ಹಾಕಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಎಲ್ಲ ಇಳಿಯುತ್ತದೆ, ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಆ ಒಂದು ದಿನ ಮಗುವಿನ ಮೈಯ ನೀರು, ಉಪ್ಪು ಕಳೆಯದಂತೆ ನೋಡಿಕೊಂಡರೆ ಸಾಕು.

ಹಾಗಂತ ಹೇಳುವುದು ಸುಲಭ, ವಾಂತಿ ಮಾಡುತ್ತಿರುವ ಮಗುವಿಗೆ ಕುಡಿಸುವುದು ಕಷ್ಟ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಚಿಕ್ಕದೂ ಸಿಗುತ್ತದೆ, ಅದು 200 ಮಿಲಿಗೆ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಅದನ್ನು ಓದಿಯೇ ಕಲಸಬೇಕು. ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿಗೆ ಕುದಿಸಿ ಆರಿಸಿದ ನೀರನ್ನು ಕುತ್ತಿಗೆಯವರೆಗೆ ತುಂಬಿ, ಪಾತ್ರೆಗೆ ಬಗ್ಗಿಸಿ, ಪೊಟ್ಟಣವನ್ನು ಪೂರ್ತಿ ಸುರಿದು ಕದಡಿದೆ. ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಅಷ್ಟು ಪುಡಿ ಹಾಕಿ ಕಲಸುವುದು ನಮ್ಮ ಮನೆಗಳಲ್ಲಿ ರೂಢಿ. ಪುಡಿ ಹೆಚ್ಚಾದರೆ ಆ ದ್ರಾವಣವೇ ಕರುಳಿಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ, ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ. ನೀರು ಹೆಚ್ಚಾದರೆ ಕಳೆದುಹೋದ ಉಪ್ಪು ವಾಪಸು ಬರುವುದಿಲ್ಲ. ಗ್ಲೂಕೋಸು ಮತ್ತು ಸೋಡಿಯಂ ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ಇದ್ದಾಗ ಮಾತ್ರ ಕರುಳಿನ ಗೋಡೆ ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಈ ದಾರಿ ಮುಚ್ಚಿರುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲಾಯಿನ್ ಮುಗಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಇಂಥದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿ ಎಷ್ಟೋ ಜೀವ ಉಳಿಸಿದರು. ಅಡುಗೆಮನೆಯಲ್ಲಿ ನಿಂತು ಆ ಪುಡಿ ಕದಡುವಾಗ ನನಗೆ ಅವರ ಮೇಲೆ ದೊಡ್ಡ ಗೌರವ ಮೂಡಿತು.

ಪೊಟ್ಟಣ ಮನೆಯಲ್ಲಿ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಏಳದಂತೆ ಚಾಕುವಿನಿಂದ ಮಟ್ಟಸ ಮಾಡಿ ಅಳೆಯಬೇಕು. ಪೊಟ್ಟಣ ಸಿಗುವವರೆಗೆ ಅದು ಸಾಕು. ಎರಡನ್ನೂ 24 ಗಂಟೆಯಾದ ಮೇಲೆ ಚೆಲ್ಲಿ ಹೊಸದು ಕಲಸಬೇಕು.

ಕೊಡುವ ವಿಧಾನವನ್ನು ಡಾಕ್ಟರು ಫೋನಿನಲ್ಲೇ ಹೇಳಿಕೊಟ್ಟರು. ವಾಂತಿಯಾದ ಮೇಲೆ ಹತ್ತು ನಿಮಿಷ ಏನೂ ಕೊಡಬಾರದು. ಆಮೇಲೆ ಒಂದು ಚಹಾ ಚಮಚ, ಅಂದರೆ 5 ಮಿಲಿ. ಎರಡು ನಿಮಿಷ ಬಿಟ್ಟು ಇನ್ನೊಂದು. ಲೋಟ ಮಗುವಿನ ಕೈಗೆ ಕೊಡಲೇಬಾರದು. ಬಾಯಾರಿದ ಮಗು ಗಟಗಟ ಕುಡಿಯುತ್ತದೆ, ಕೆರಳಿದ ಹೊಟ್ಟೆ ಅಷ್ಟನ್ನೂ ಒಮ್ಮೆಲೇ ತಿರುಗಿಸಿ ಹಾಕುತ್ತದೆ. ಮಗಳು ನೀರು ಬೇಕು, ಲೋಟದಲ್ಲಿ ಬೇಕು ಅಂತ ಅತ್ತಳು. ಅಳಲು ಬಿಟ್ಟು ಚಮಚವನ್ನೇ ಹಿಡಿದು ಕೂತೆ. ಮೊಬೈಲಿನಲ್ಲಿ ಎರಡು ನಿಮಿಷದ ಟೈಮರು ಇಟ್ಟು, ಅದು ಕೂಗಿದಾಗೊಮ್ಮೆ ಒಂದು ಚಮಚ. ನೋಡುವುದಕ್ಕೆ ಇದು ಏನೇನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಮೂವತ್ತು ಚಮಚ, 150 ಮಿಲಿ ಒಳಗೆ ಹೋಗುತ್ತದೆ. ನಡುವೆ ಒಂದು ವಾಂತಿಯಾದರೂ ಅದರಲ್ಲಿ ಬಹುಪಾಲು ಒಳಗೇ ಉಳಿದಿರುತ್ತದೆ. ಎಂಟು ಗಂಟೆಯ ಹೊತ್ತಿಗೆ ವಾಂತಿಗಳ ನಡುವಿನ ಅಂತರ ಹೆಚ್ಚಾಯಿತು, ಎರಡೆರಡು ಚಮಚ ಕೊಟ್ಟೆ. ಎಂಟೂವರೆಗೆ ಅವಳಿಗೆ ಮೂತ್ರವಾಯಿತು, ಬಣ್ಣ ಸ್ವಲ್ಪ ಗಾಢ ಇತ್ತು. ಹಾಳೆಯಲ್ಲಿ ಅದನ್ನು ಬರೆದು ಕೆಳಗೆ ಗೆರೆ ಎಳೆದೆ, ಆಗ ನನಗೆ ಉಸಿರು ಬಂತು. ಹತ್ತರ ಹೊತ್ತಿಗೆ ಒಂದೆರಡು ಸಲ ತೆಳ್ಳಗೆ ಭೇದಿಯೂ ಆಯಿತು. ಅವಳ ವಯಸ್ಸಿನ ಮಕ್ಕಳಿಗೆ ಪ್ರತಿ ಭೇದಿಗೆ 100ರಿಂದ 200 ಮಿಲಿ ಓಆರ್‌ಎಸ್ ಹೆಚ್ಚಿಗೆ ಕೊಡಬೇಕು. ಎರಡು ವರ್ಷದೊಳಗಿನವರಿಗೆ ಅದರ ಅರ್ಧ.

ಈ ನಡುವೆ ನನ್ನ ಯಜಮಾನರು ಕೆಳಗಿನ ಔಷಧಿ ಅಂಗಡಿಗೆ ಹೋಗಿದ್ದರು. ಅಂಗಡಿಯವರು ಪುಡಿಯ ಜೊತೆಗೆ ಭೇದಿ ನಿಲ್ಲಿಸುವ ಮಾತ್ರೆ ಮತ್ತು ಒಂದು ಆಂಟಿಬಯೋಟಿಕ್ ಪಟ್ಟಿಯನ್ನು ತಾವಾಗಿಯೇ ಮುಂದೆ ಇಟ್ಟರಂತೆ. ಫೋನಿನಲ್ಲಿ ಡಾಕ್ಟರು ಎರಡನ್ನೂ ಬೇಡವೆಂದರು. ಲೋಪೆರಮೈಡ್ ಅನ್ನುವ ನಿಲ್ಲಿಸುವ ಮಾತ್ರೆ ಕರುಳಿನ ಚಲನೆಯನ್ನೇ ತಡೆಯುತ್ತದೆ. ಮಕ್ಕಳಿಗೆ ಅದು ಅಪಾಯ, ದೊಡ್ಡವರಲ್ಲೂ ಜ್ವರವೋ ರಕ್ತವೋ ಇದ್ದರೆ ಕೊಡಬಾರದು, ಹೊರಗೆ ಹೋಗಬೇಕಾದ ಸೋಂಕು ಒಳಗೇ ನಿಲ್ಲುತ್ತದೆ. ಅಂಗಡಿಯಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಹಣ್ಣಿನ ರುಚಿಯ ರಟ್ಟಿನ ಡಬ್ಬಿಯ ಪಾನೀಯಗಳನ್ನು ಓಆರ್‌ಎಸ್ ಅನ್ನುವ ಹೆಸರಿನ ನೆರಳಿನಲ್ಲಿ ಬಹಳ ವರ್ಷ ಮಾರಿದರು. ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ, ಭೇದಿಯಲ್ಲಿ ಕುಡಿಸಿದರೆ ಕೆಡುಕೇ. ಹೈದರಾಬಾದಿನ ಮಕ್ಕಳ ಡಾಕ್ಟರೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಪಾನೀಯಗಳ ಹೆಸರಿನಲ್ಲಿ ಆ ಮೂರು ಅಕ್ಷರ ಬಳಸಬಾರದು ಅಂತ ಆದೇಶ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿಯನ್ನೇ ಕೇಳಿ ತರಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಓಆರ್‌ಎಸ್ ಜೊತೆಗೆ ಕೊಡಬಹುದು, ಅದರ ಬದಲಿಗೆ ಆಗುವುದಿಲ್ಲ.

ಮಗುವಿಗೆ ಯಾವಾಗ ಆಸ್ಪತ್ರೆ ಬೇಕು ಅಂತ ನಾನು ನೇರವಾಗಿ ಕೇಳಿದೆ. ಅವರು ಹೇಳಿದ್ದನ್ನು ಹಾಳೆಯ ಮೇಲ್ಭಾಗದಲ್ಲೇ ಬರೆದುಕೊಂಡೆ. ಚಮಚದಲ್ಲಿ ಕೊಟ್ಟದ್ದೂ ಒಂದು ಹನಿ ನಿಲ್ಲದಿದ್ದರೆ. ಆರರಿಂದ ಎಂಟು ಗಂಟೆ ಮೂತ್ರವಿಲ್ಲದಿದ್ದರೆ. ಅಳುವಾಗ ಕಣ್ಣೀರು ಬರದೆ, ಬಾಯಿ ಒಣಗಿ, ಕಣ್ಣು ಗುಳಿ ಬಿದ್ದರೆ. ಕರೆದರೆ ಓಗೊಡದಷ್ಟು ಮಂಕಾದರೆ. ಭೇದಿಯಲ್ಲಿ ರಕ್ತ ಕಂಡರೆ, ವಾಂತಿ ಹಸಿರು ಬಣ್ಣಕ್ಕೆ ತಿರುಗಿದರೆ, ಜ್ವರ 102 ಡಿಗ್ರಿ ದಾಟಿದರೆ. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಹೊತ್ತಾದರೂ ಹೊರಡಬೇಕು, ಬೆಳಗಾಗಲಿ ಅಂತ ಕಾಯಬಾರದು. ಕಂಕುಳ ಕೂಸಾದರೆ ಇಷ್ಟಕ್ಕೂ ಕಾಯಬಾರದು, ಮೊದಲೇ ತೋರಿಸಬೇಕು. ಮಗಳಲ್ಲಿ ಇವು ಯಾವುವೂ ಇರಲಿಲ್ಲ. ಅಳುವಾಗ ಕಣ್ಣೀರು ಧಾರಾಳವಾಗಿ ಬರುತ್ತಿತ್ತು. ಹನ್ನೊಂದೂವರೆಗೆ ಮಲಗಿದಳು.

ಮನೆಯ ಎಲ್ಲರ ಗಮನ ಅವಳ ಮೇಲೆಯೇ ಇದ್ದ ಆ ಹೊತ್ತಿನಲ್ಲಿ, ಹನ್ನೊಂದರ ಸುಮಾರಿಗೆ, ಮಾವನವರಿಗೆ ಹೊಟ್ಟೆನೋವು ಶುರುವಾಗಿತ್ತು. ಊಟವಾಗಿ ಒಂಬತ್ತೂವರೆ ಗಂಟೆಯ ಮೇಲೆ. ವಾಂತಿ ಇಲ್ಲ, ಜ್ವರವಿಲ್ಲ, ಹೊಟ್ಟೆ ಹಿಂಡಿ ನೀರಿನಂಥ ಭೇದಿ. ಮಗು ಮಲಗಿದೆ, ಸೊಸೆ ದಣಿದಿದ್ದಾಳೆ ಅಂತ ಅವರು ಸದ್ದಿಲ್ಲದೆ ಎದ್ದು ಹೋಗಿ ಬಂದು ಮಲಗುತ್ತಿದ್ದರು. ನಮಗೆ ಇದು ತಿಳಿದದ್ದು ಬೆಳಿಗ್ಗೆ ಆರಕ್ಕೆ. ಅವರ ಕೋಣೆಯಿಂದ ಹೊರಗೆ ಬರುವಾಗ ಗೋಡೆಗೆ ಕೈ ಆನಿಸಿಕೊಂಡು ಬಂದರು. ಅವರು ದಿನವೂ ಬೆಳಿಗ್ಗೆ ಕೋಲಿಲ್ಲದೆ ತೋಟದ ಸುತ್ತ ನಡೆದು ಬರುವವರು.

"ಏನಾಗೇದ್ರಿ ಮಾಮಾ?" ಅಂದೆ.

"ಏನೂ ಇಲ್ಲವಾ, ರಾತ್ರಿ ಸ್ವಲ್ಪ ಹೊಟ್ಟಿ ಕೆಟ್ಟಿತ್ತು. ಈಗ ನಿಂತದ. ನೀ ಮಗೂನ ನೋಡ."

ನಿಂತದ ಅಂದರೂ ಅವರ ನಾಲಿಗೆ ತುಟಿಗೆ ಅಂಟಿ ಮಾತು ದಪ್ಪವಾಗಿ ಬರುತ್ತಿತ್ತು. ನಾಲಿಗೆ ತೋರಿಸಿರಿ ಅಂದೆ, ಒಣಗಿ ನಡುವೆ ಸೀಳಿದ ಹಾಗಿತ್ತು. ಬಾಯಾರಿಕೆ ಇದೆಯೇ ಅಂದರೆ ಇಲ್ಲ ಅಂದರು. ಡಾಕ್ಟರು ಆಮೇಲೆ ವಿವರಿಸಿದರು: ವಯಸ್ಸಾದ ಹಾಗೆ ಬಾಯಾರಿಕೆ ಮಂದವಾಗುತ್ತದೆ, ಮೈಯಲ್ಲಿ ನೀರಿಲ್ಲದಿದ್ದರೂ ದೇಹ ಕೇಳುವುದಿಲ್ಲ. ಚರ್ಮ ಚಿವುಟಿ ಬಿಟ್ಟು ನೋಡುವ ಪರೀಕ್ಷೆ ಮಕ್ಕಳಿಗೆ ಸರಿ, ಮುದುಕರಲ್ಲಿ ನಂಬಲಾಗದು, ಅವರ ಚರ್ಮ ಮೊದಲೇ ಸಡಿಲ. ಅವರಲ್ಲಿ ನೋಡಬೇಕಾದದ್ದು ನಾಲಿಗೆ, ಮೂತ್ರ, ನಿಂತಾಗಿನ ರಕ್ತದ ಒತ್ತಡ.

ಮೂತ್ರ ಯಾವಾಗ ಆಯಿತು ಅಂತ ಕೇಳಿದಾಗ ರಾತ್ರಿ ಮಲಗುವ ಮುಂಚೆ, ಹತ್ತಕ್ಕೆ ಅಂದರು. ಸೊಸೆಯ ಹತ್ತಿರ ಇಂಥ ಮಾತು ಆಡುವುದಕ್ಕೆ ಅವರಿಗೆ ಸಂಕೋಚ, ಯಜಮಾನರೇ ಹೋಗಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಅದಾಗಿ ಎಂಟು ಗಂಟೆ ದಾಟಿತ್ತು. ಮನೆಯಲ್ಲಿ ಬಿಪಿ ನೋಡುವ ಯಂತ್ರ ಇದೆ. ಮಲಗಿಸಿ ಐದು ನಿಮಿಷ ಬಿಟ್ಟು ನೋಡಿದರೆ ಮೇಲಿನದು 116, ನಾಡಿ 92. "ಮಾಮಾ, ಮೆಲ್ಲಕ ಎದ್ದು ನಿಂದರ್ರಿ, ಇವರು ಹಿಡಕೊಂಡಿರ್ತಾರ" ಅಂದೆ. ನಿಂತ ಒಂದು ನಿಮಿಷಕ್ಕೆ 90, ನಾಡಿ 118. ಕಣ್ಣು ಕತ್ತಲೆ ಬರುತ್ತದೆ ಅಂತ ತಕ್ಷಣ ಕೂತರು. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದರೆ ರಕ್ತನಾಳಗಳಲ್ಲಿ ನೀರು ಸಾಲುತ್ತಿಲ್ಲ ಅಂತ ಅರ್ಥ. ಮಲಗಿದ್ದಾಗಿನ 116 ಮಾತ್ರ ನೋಡಿದ್ದರೆ ಒಳ್ಳೆಯದೇ ಇದೆ ಅನ್ನಿಸುತ್ತಿತ್ತು. ಬಿಪಿ ಇರುವ, ಸಾಮಾನ್ಯವಾಗಿ 135 ಇರುತ್ತಿದ್ದ ಮನುಷ್ಯನಿಗೆ ಅದೂ ಕಡಿಮೆಯೇ.

ಅಷ್ಟರಲ್ಲಿ ಅವರು ಅಭ್ಯಾಸದಂತೆ ಬೆಳಗಿನ ಮಾತ್ರೆಯ ಡಬ್ಬಿ ಕೈಗೆ ತೆಗೆದುಕೊಂಡಿದ್ದರು. ಫೋನಿನಲ್ಲಿ ಅಂಕಿಗಳನ್ನು ಕೇಳಿದ ಡಾಕ್ಟರು ಮೊದಲು ಹೇಳಿದ್ದು ಆ ಡಬ್ಬಿಯನ್ನು ಕೆಳಗೆ ಇಡಿಸಿ ಅಂತ. ಅವರದು ಟೆಲ್ಮಿಸಾರ್ಟನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಬಿಪಿ ಮಾತ್ರೆ, ಸಕ್ಕರೆಗೆ ಮೆಟ್‌ಫಾರ್ಮಿನ್. ಹೈಡ್ರೋಕ್ಲೋರೋಥಯಾಜೈಡ್ ಮೂತ್ರದ ಮೂಲಕ ನೀರು, ಉಪ್ಪು ಹೊರಗೆ ಹಾಕುವ ಔಷಧಿ. ಮೈಯಲ್ಲಿ ನೀರೇ ಇಲ್ಲದಾಗ ಅದನ್ನು ನುಂಗಿದರೆ ಒತ್ತಡ ಇನ್ನೂ ಕುಸಿಯುತ್ತದೆ. ನೀರು ಕಡಿಮೆಯಾದಾಗ ಮೂತ್ರಪಿಂಡ ತನ್ನನ್ನು ಕಾಪಾಡಿಕೊಳ್ಳುವ ದಾರಿಯೊಂದನ್ನು ಟೆಲ್ಮಿಸಾರ್ಟನ್ ಮುಚ್ಚುತ್ತದೆ. ಮೂತ್ರಪಿಂಡ ನಿಧಾನವಾದರೆ ಮೆಟ್‌ಫಾರ್ಮಿನ್ ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಏರಿಸಬಹುದು. ದಿನವೂ ಅವರನ್ನು ಕಾಯುವ ಮಾತ್ರೆಗಳು ಆ ಒಂದು ದಿನ ತಿರುಗಿ ಬೀಳುತ್ತವೆ. ಮನೆಯಲ್ಲಿ ಬಿಪಿ, ಸಕ್ಕರೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ವಾಂತಿ ಭೇದಿ ಶುರುವಾದ ದಿನವೇ ಅವರ ಡಾಕ್ಟರಿಗೆ ಫೋನ್ ಮಾಡಿ ಯಾವುದು ನಿಲ್ಲಿಸಬೇಕು, ಯಾವುದು ಬೇಡ ಅಂತ ಕೇಳಲೇಬೇಕು. ನಾವೇ ತೀರ್ಮಾನಿಸುವ ವಿಷಯ ಅಲ್ಲ ಇದು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಸೇರದಿದ್ದರೂ ಅದನ್ನು ತಾವಾಗಿ ಪೂರ್ತಿ ನಿಲ್ಲಿಸುವುದು ಅಪಾಯ. ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ, ಅವೂ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಎರಡನೆಯದಾಗಿ ಹೇಳಿದ್ದು, ಹೊರಡಿ ಅಂತ. ಹೊರಡುವವರೆಗೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. "ಸಕ್ಕರಿ ಬ್ಯಾನಿ ಇದ್ದಾಂವಗ ಸಕ್ಕರಿ ನೀರು ಕುಡಸ್ತೀಯೇನವಾ?" ಅಂತ ಮಾವನವರು ಲೋಟ ದೂರ ಸರಿಸಿದರು. ಇಡೀ ಲೀಟರಿನಲ್ಲಿ ಗ್ಲೂಕೋಸು 13.5 ಗ್ರಾಂ, ಒಂದು ಲೋಟಕ್ಕೆ ಮೂರು ಗ್ರಾಂ ಕೂಡ ಬರುವುದಿಲ್ಲ. ಒಂದು ಚಹಾದಲ್ಲಿ ಹೆಚ್ಚಿನವರು ಹಾಕಿಕೊಳ್ಳುವುದಕ್ಕಿಂತ ಅದು ಕಡಿಮೆ. ಬೆರಳು ಚುಚ್ಚಿ ನೋಡಿದೆವು, ಸಕ್ಕರೆ 148 ಇತ್ತು. ಅಂಕಿ ತೋರಿಸಿದ ಮೇಲೆ ಕುಡಿದರು.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಯೇ ಕರೆದೊಯ್ದೆವು, ಕೂರಿಸಿದರೆ ತಲೆ ತಿರುಗುತ್ತಿತ್ತು. ಮನುಷ್ಯ ಎಚ್ಚರ ತಪ್ಪುವಂತಿದ್ದರೆ ಕಾರು ಹುಡುಕದೆ 108ಕ್ಕೆ ಫೋನ್ ಮಾಡಬೇಕು. ಕ್ಯಾಶುಯಲ್ಟಿಯಲ್ಲಿ ಹಾಳೆ ತುಂಬ ಉಪಯೋಗಕ್ಕೆ ಬಂತು. ಊಟದ ಹೊತ್ತು, ಶುರುವಾದ ಹೊತ್ತು, ಕಡೆಯ ಮೂತ್ರ, ಮಲಗಿದಾಗ ಮತ್ತು ನಿಂತಾಗಿನ ಬಿಪಿ, ಮಾತ್ರೆಗಳ ಹೆಸರು, ಯಾವುದನ್ನು ಈ ಬೆಳಿಗ್ಗೆ ಕೊಟ್ಟಿಲ್ಲ ಅನ್ನುವುದು. ಡ್ಯೂಟಿ ಡಾಕ್ಟರು ಅದನ್ನೇ ನೋಡಿ ಕೇಸ್ ಪೇಪರ್ ಬರೆದರು. ಮೊದಲು ರಿಂಗರ್ ಲ್ಯಾಕ್ಟೇಟ್ ಬಾಟಲಿ ಹಚ್ಚಿದರು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ಏರುವ ಕ್ರಿಯಾಟಿನಿನ್ ನೋಡಿದರು. ಮಾರ್ಚಿನಲ್ಲಿ ಮಾಡಿಸಿದಾಗ 1.0 ಇದ್ದ ಕ್ರಿಯಾಟಿನಿನ್ 1.8 ಆಗಿತ್ತು. ಒಂದೇ ರಾತ್ರಿಯ ಭೇದಿಯಲ್ಲಿ, ಒಂದೂ ವಾಂತಿ ಇಲ್ಲದೆ. ಸರಿಯಾದ ಹೊತ್ತಿಗೆ ನೀರು ಸಿಕ್ಕರೆ ಇದು ವಾಪಸು ಇಳಿಯುತ್ತದೆ, ತಡವಾದಷ್ಟೂ ಕಷ್ಟ ಅಂದರು ಅಲ್ಲಿನ ಡಾಕ್ಟರು. ಎರಡನೇ ಬಾಟಲಿ ಮುಗಿಯುವ ಹೊತ್ತಿಗೆ, ಹನ್ನೊಂದರ ಸುಮಾರಿಗೆ, ಮೂತ್ರವಾಯಿತು.

ಅವರದು ಯಾಕೆ ಮಗುವಿನ ಹಾಗೆ ಇರಲಿಲ್ಲ? ಮಸಾಲೆ ಭಾತಿನಂಥ ಅನ್ನದ ಪದಾರ್ಥದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಉಳಿಯುತ್ತವೆ. ದೊಡ್ಡ ಹಂಡೆಯ ನಡುವಿನ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುವುದರಿಂದ ಅವು ಮೊಳೆತು ಬೆಳೆಯುತ್ತವೆ. ಅವು ಕರುಳಿಗೆ ಹೋದ ಮೇಲೆ ಅಲ್ಲಿ ವಿಷ ಬಿಡುತ್ತವೆ, ಅದಕ್ಕೇ ಆರರಿಂದ ಹದಿನೈದು ಗಂಟೆ ತಡವಾಗಿ, ವಾಂತಿಗಿಂತ ಹೊಟ್ಟೆನೋವು, ಭೇದಿ ಮುಂದಾಗಿ ಬರುತ್ತದೆ. ಮಲದ, ಊಟದ ಮಾದರಿ ಪರೀಕ್ಷೆ ಮಾಡದೆ ಇದೇ ಅಂತ ಯಾರೂ ಖಚಿತವಾಗಿ ಹೇಳಲಾರರು, ಹೊತ್ತು ಮತ್ತು ಲಕ್ಷಣ ಆ ಕಡೆ ತೋರಿಸುತ್ತವೆ ಅಷ್ಟೇ. ಒಂದು ದಿನ ಬಿಟ್ಟು ಜ್ವರದ ಜೊತೆ ಬಂದಿದ್ದರೆ ಸಾಲ್ಮೊನೆಲ್ಲಾದಂಥ ಬೇರೆ ಸೋಂಕನ್ನು ಯೋಚಿಸಬೇಕಾಗುತ್ತಿತ್ತು, ಆಗ ಆಂಟಿಬಯೋಟಿಕ್ ಮಾತು ಬರಬಹುದಿತ್ತು. ಯಾವುದೇ ಆದರೂ ಮೊದಲ ದಿನದ ಆರೈಕೆಯ ಬುಡ ನೀರು, ಉಪ್ಪೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಮದುವೆಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಯಾರ ಮೇಲೂ ದೂರು ಹಾಕದೆ, ನಮ್ಮಲ್ಲಿ ಹೀಗಾಗಿದೆ, ನಿಮ್ಮಲ್ಲಿ ಯಾರಿಗಾದರೂ ಆಗಿದೆಯೇ, ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು ಇದ್ದರೆ ಮೊದಲು ಅವರ ಮೂತ್ರ ಯಾವಾಗ ಆಯಿತು ನೋಡಿ ಅಂತ. ಹತ್ತು ನಿಮಿಷದಲ್ಲಿ ಉತ್ತರಗಳು ಸುರಿದವು. ಡೊಂಬಿವಲಿಯಿಂದ ಒಬ್ಬ ಬಸುರಿ ಹುಡುಗಿ ರಾತ್ರಿಯಿಂದ ಏನೂ ನಿಲ್ಲುತ್ತಿಲ್ಲ ಅಂತ ಬರೆದಳು. ಅವಳಿಗೆ ನೇರವಾಗಿ ಫೋನ್ ಮಾಡಿ ಈಗಲೇ ನಿನ್ನ ಹೆರಿಗೆ ಡಾಕ್ಟರ ಹತ್ತಿರ ಹೋಗು ತಂಗಿ ಅಂತ ಹೇಳಿದೆ, ಹೋದಳು. ಮದುವೆ ಹುಡುಗಿಯ ತಂದೆ ತಮ್ಮ ಮನೆಗೆ ಬಂದಿದ್ದ ಬಾಸುಂದಿ ಡಬ್ಬಿಯನ್ನು ಚೆಲ್ಲಲು ಹೊರಟಿದ್ದರು. ಮುಚ್ಚಿ, ಹೆಸರು ಬರೆದು ಫ್ರಿಜ್ಜಿನಲ್ಲಿ ಇಡಿ, ಯಾರೂ ಮುಟ್ಟದಂತೆ ನೋಡಿ ಅಂದೆ. ಇಷ್ಟು ಜನಕ್ಕೆ ಒಟ್ಟಿಗೆ ಆದಾಗ ಮಹಾನಗರಪಾಲಿಕೆಯ ವಾರ್ಡಿನ ಆರೋಗ್ಯಾಧಿಕಾರಿಗೂ ರಾಜ್ಯದ ಆಹಾರ ಮತ್ತು ಔಷಧಿ ಆಡಳಿತಕ್ಕೂ ತಿಳಿಸಬೇಕು, ಅವರು ಪರೀಕ್ಷೆಗೆ ಕೇಳಿದರೆ ಉಳಿದ ತಿನಿಸೇ ಸಾಕ್ಷಿ. ಅವರು ಮುಜುಗರಪಟ್ಟರೂ ಆ ಮಧ್ಯಾಹ್ನವೇ ತಿಳಿಸಿದರು, ಅದು ದೊಡ್ಡ ಮಾತು. ಅಂದೇ ಸಂಜೆ ಆ ಅಡುಗೆಯವರಿಗೆ ಇನ್ನೊಂದು ಕಡೆ ಊಟ ಇತ್ತು.

ಇತ್ತ ಮನೆಯಲ್ಲಿ ಮಗಳು ಬೆಳಿಗ್ಗೆ ಏಳಕ್ಕೆ ಎದ್ದು ಹಸಿವು ಅಂದಿದ್ದಳು. ಹೊಟ್ಟೆ ಕೆಟ್ಟಾಗ ಉಪವಾಸ ಕೆಡವಬೇಕು ಅನ್ನುವುದು ಹಳೆಯ ಮಾತು, ಮಕ್ಕಳ ವಿಷಯದಲ್ಲಿ ಅದು ಸರಿಯಲ್ಲ, ವಾಂತಿ ನಿಂತು ಹಸಿವಾದರೆ ಕೊಡಬೇಕು. ಪಕ್ಕದ ಮನೆಯ ಮಾವಶಿ ಹೆಸರುಬೇಳೆ ಹಾಕಿ ತೆಳ್ಳಗೆ ಗಂಜಿ ಮಾಡಿ, ಉಪ್ಪು ಹಾಕಿ ಉಣಿಸಿದರು. ಮಧ್ಯಾಹ್ನ ಮೊಸರನ್ನ, ಅರ್ಧ ಬಾಳೆಹಣ್ಣು. ಕರಿದದ್ದು, ಪೆಪ್ಸಿ ಕೋಲಾ, ಡಬ್ಬಿಯ ಜ್ಯೂಸು ಎರಡು ದಿನ ಬೇಡ ಅಂದಿದ್ದರು. ಭೇದಿ ಆದ ಮಕ್ಕಳಿಗೆ ಆರು ತಿಂಗಳ ಮೇಲಿದ್ದರೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ 14 ದಿನ ಕೊಡುವುದು ಐದು ವರ್ಷದೊಳಗಿನವರಿಗೆ ರೂಢಿ, ಇವಳಿಗೆ ಅದರ ಅಗತ್ಯವಿಲ್ಲ ಅಂದರು ಡಾಕ್ಟರು. ಸಂಡಾಸಿಗೆ ಹೋಗಿ ಬಂದವರೆಲ್ಲ ಸಾಬೂನು ಹಾಕಿ ಕೈ ತೊಳೆಯಬೇಕು ಅನ್ನುವುದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿದೆವು, ಒಳಗೆ ಯಾವ ಸೋಂಕು ಇದೆಯೋ ಗೊತ್ತಿರಲಿಲ್ಲ.

ಮಾವನವರನ್ನು ಒಂದು ರಾತ್ರಿ ಇಟ್ಟುಕೊಂಡು ಮರುದಿನ ಕಳಿಸಿದರು. ಕ್ರಿಯಾಟಿನಿನ್ 1.2ಕ್ಕೆ ಇಳಿದಿತ್ತು, ನಿಂತಾಗ ಬಿಪಿ 124. ಮೆಟ್‌ಫಾರ್ಮಿನನ್ನು ಊಟ ಸರಿಯಾಗಿ ಸೇರತೊಡಗಿದ ಮೇಲೆ ಶುರು ಮಾಡಿಸಿದರು. ಬಿಪಿ ಮಾತ್ರೆಯನ್ನು ಮಾತ್ರ ಮತ್ತೊಮ್ಮೆ ರಕ್ತ ನೋಡಿ, 1.0 ಬಂದ ಮೇಲೆ ಕೊಡಿ ಅಂದರು. ಅಲ್ಲಿಯವರೆಗೆ ದಿನಕ್ಕೆರಡು ಸಲ, ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಅದೇ ಹಾಳೆಯಲ್ಲಿ ಬರೆಯುತ್ತಿದ್ದೆವು.